ಹಾಳೆ ತಟ್ಟೆ ಬಿಲ್ಲಿಗೆ ಉತ್ತರವೇ ಇಲ್ಲ: ಮೂರು ಮೇಲ್ ಯಾವಾಗ ಹಾಕೋದು, ಎಷ್ಟು ಗಟ್ಟಿಯಾಗಿ?

ಹಾಳೆಮನೆ, ತೀರ್ಥಹಳ್ಳಿ (ಜುಲೈ 16, ಗುರುವಾರ)

ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ. ಎರಡು ಪ್ರೆಸ್ ಮಿಷನ್, ನಾಲ್ಕು ಜನ. ಬೆಂಗಳೂರಿನ ಒಂದು ಕೇಟರಿಂಗ್ ಕಂಪನಿಗೆ ಹತ್ತು ಇಂಚಿನ ದುಂಡು ತಟ್ಟೆ ಕಳಿಸಿದ್ದೆ. 300ರ ಬಾಕ್ಸ್ 40, ಒಟ್ಟು 12,000 ತಟ್ಟೆ. ಒಂದಕ್ಕೆ 4.50ರಂತೆ 54,000 ರೂಪಾಯಿ. ಜೂನ್ 8ಕ್ಕೆ ಮಾಲು ಮುಟ್ಟಿದೆ, ಬಿಲ್ಲೂ ಅದೇ ದಿನದ್ದು. ಆರ್ಡರ್ ಕಾಗದದಲ್ಲಿ 30 ದಿನದ ಸಾಲ ಅಂತ ಇದೆ. ಅಂದರೆ ಜುಲೈ 8ಕ್ಕೆ ಹಣ ಬರಬೇಕಿತ್ತು.

ಬರಲಿಲ್ಲ. ಜುಲೈ 10ರ ಸಂಜೆ, ಕರೆಂಟ್ ಬಂದ ಮೇಲೆ, ಖರೀದಿ ನೋಡಿಕೊಳ್ಳುವವರಿಗೆ ಒಂದು ಮೇಲ್ ಹಾಕಿದೆ. ಅವರೂ ನಮ್ಮ ಕಡೆಯವರೇ, ಹಾಗಾಗಿ ಕನ್ನಡದಲ್ಲೇ ಬರೆಯುತ್ತೇನೆ. "ಬಿಲ್ ಬಾಕಿ ಇದೆ, ನೋಡಿ" ಅಂತ ಎರಡು ಸಾಲು. ಆರು ದಿನ ಆಯಿತು, ಸದ್ದಿಲ್ಲ. ನಾಳೆ ಇನ್ನೊಂದು ಹಾಕಲಾ? ಜೋರಾಗಿ ಬರೆದರೆ ಗಣಪತಿ ಹಬ್ಬದ ಆರ್ಡರ್ ಕೈತಪ್ಪಬಹುದು. ಮೆತ್ತಗೆ ಬರೆದರೆ ಅದೂ ಮೊದಲನೇ ಮೇಲಿನ ಹಾಗೇ ಹೂತು ಹೋಗುತ್ತದೆ. ಮೂರು ಮೇಲ್ ಒಳಗೆ ಮುಗಿಸಬೇಕು ಅಂತ ಆಸೆ. ಎಷ್ಟೆಷ್ಟು ದಿನ ಬಿಟ್ಟು ಹಾಕಬೇಕು?

ಕೊಪ್ಪದ ರಾಯರು (ಜುಲೈ 16)

ಮೇಲ್ ಯಾಕೆ ಮಾರಾಯ್ರೆ, ಫೋನ್ ಇಲ್ವಾ? ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿ, "ನಮಸ್ಕಾರ, ಮಳೆ ಹೇಗಿದೆ ಅಲ್ಲಿ" ಅಂತ ಶುರು ಮಾಡಿ. ಐದು ನಿಮಿಷದ ಕೆಲಸ. ನಾವು ಮೂವತ್ತು ವರ್ಷ ಏಲಕ್ಕಿ, ಕಾಳುಮೆಣಸು ಕೊಟ್ಟು ಹೀಗೇ ವಸೂಲು ಮಾಡಿದ್ದು.

ಗಾಜನೂರು ಪ್ರೆಸ್ (ಜುಲೈ 16)

ನನ್ನ ಕಥೆ ಕೇಳಿ. ಕರಪತ್ರ ಮುದ್ರಿಸಿ ಕೊಟ್ಟ ಬಿಲ್, ಹನ್ನೊಂದು ಸಾವಿರ. ಸಿಟ್ಟಲ್ಲಿ ಸೋಮವಾರ, ಮಂಗಳವಾರ, ಬುಧವಾರ ದಿನಕ್ಕೊಂದು ಮೇಲ್ ಹಾಕಿದೆ. ಮೂರನೆಯದರ ವಿಷಯದ ಸಾಲಿನಲ್ಲಿ "ಅತಿ ತುರ್ತು, ಕೊನೆಯ ಎಚ್ಚರಿಕೆ" ಅಂತ ಹಾಕಿ, ಮಾಲೀಕರನ್ನೂ ಸೇರಿಸಿದೆ. ಶುಕ್ರವಾರ ಹಣ ಬಂತು, ಪೂರ್ತಿ ಬಂತು. ಆಮೇಲೆ ಒಂದು ವಿಸಿಟಿಂಗ್ ಕಾರ್ಡ್ ಕೆಲಸವೂ ಅವರಿಂದ ಬರಲಿಲ್ಲ. ಲೆಕ್ಕದವರು ರಜೆಯಲ್ಲಿ ಇದ್ದರಂತೆ, ಗುರುವಾರ ಬಂದು ಶುಕ್ರವಾರ ಹಾಕಿದರಂತೆ. ನನ್ನ ಮೂರು ಮೇಲೂ ಅವರು ಒಟ್ಟಿಗೇ ಓದಿದ್ದು.

ಭದ್ರಾವತಿ ಬಾಬು (ಜುಲೈ 16)

ಹೆದರೋದು ಯಾಕೆ? ಸಣ್ಣ ಉದ್ಯಮಗಳಿಗೆ ಎಂಎಸ್‌ಎಂಇ ಕಾನೂನು ಇದೆ, 2006ರದ್ದು. 45 ದಿನದೊಳಗೆ ಕೊಡಲೇಬೇಕು, ಇಲ್ಲದಿದ್ದರೆ ಬಡ್ಡಿ. ಮೊದಲನೇ ಮೇಲಿನಲ್ಲೇ ಅದನ್ನು ಹಾಕಿ. ನಿಮಗೆ ಇನ್ನೂ 45 ದಿನ ಆಗಿಲ್ಲ, ಅದಕ್ಕೇ ಅವರು ಸುಮ್ನೆ ಇದ್ದಾರೆ. ಮೇಲುಗಳ ನಡುವಿನ ದಿನ ಕಡಿಮೆ ಮಾಡ್ತಾ ಹೋಗಿ: ಏಳು ದಿನ, ಐದು ದಿನ, ಮೂರು ದಿನ. ಹಗ್ಗ ಬಿಗಿ ಮಾಡಿದ ಹಾಗೆ.

ಹೊಸನಗರದ ಲೆಕ್ಕದಕ್ಕ (ಜುಲೈ 17)

ನಾನು ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಇಂಥ ಮೇಲ್ ಬಂದು ಬೀಳುವ ಕಡೆ ಕೂತಿದ್ದವಳು. ಕಂಪನಿಯ ಬಿಲ್ ಪಾವತಿ ವಿಭಾಗ. ಈಗ ಊರಿಗೆ ಬಂದಿದ್ದೇನೆ. ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಬಾಬು ಅವರೇ, ಕಾನೂನು ಇದೆ ಅನ್ನೋದು ಸರಿ, ಲೆಕ್ಕ ಸ್ವಲ್ಪ ತಪ್ಪಿದೆ. 45 ದಿನ ಅನ್ನೋದು ಗರಿಷ್ಠ ಮಿತಿ. ಬರಹದಲ್ಲಿ 30 ದಿನ ಅಂತ ಒಪ್ಪಿದ್ದರೆ 30ಕ್ಕೇ ಬಾಕಿ. ಬರಹವೇ ಇಲ್ಲದಿದ್ದರೆ ಇನ್ನೂ ಕಡಿಮೆ, 15 ದಿನ. ಅದೂ ಮಾಲು ಒಪ್ಪಿಕೊಂಡ ದಿನದಿಂದ ಎಣಿಸೋದು. ಹಾಳೆಮನೆಯವರ ಹಣ ಜುಲೈ 8ಕ್ಕೇ ಬಾಕಿ ಆಗಿದೆ. ಆದರೆ ಇದನ್ನು ಮೊದಲನೇ ಮೇಲಿನಲ್ಲಿ ಹಾಕಿದರೆ, ಮುಂದಿನ ಎರಡರಲ್ಲಿ ಹೇಳಲು ಏನು ಉಳಿಯುತ್ತದೆ?

ಈಗ ಮುಖ್ಯ ವಿಷಯ. ಬಿಲ್ ಬಂದ ತಕ್ಷಣ ಯಾರೂ ಹಣ ಹಾಕುವುದಿಲ್ಲ. ಕಂಪನಿಗಳಲ್ಲಿ ಪಾವತಿಗೆ ಗೊತ್ತಾದ ದಿನ ಇರುತ್ತದೆ. ತಿಂಗಳಿಗೆ ಎರಡು ಸಲ ಹಾಕುವವರು ತುಂಬ ಜನ. ಆ ದಿನಕ್ಕೆ ನಾಲ್ಕೈದು ದಿನ ಮೊದಲೇ ಪಟ್ಟಿ ಮುಚ್ಚಿರುತ್ತದೆ. ಪಟ್ಟಿ ಮುಚ್ಚಿದ ಮೇಲೆ ನೀವು ಎಷ್ಟು ಮೇಲ್ ಹಾಕಿದರೂ ಮುಂದಿನ ಸಲಕ್ಕೇ. ಹಾಗಾಗಿ ಮೇಲುಗಳ ನಡುವಿನ ಅಂತರವನ್ನು ನಿಮ್ಮ ಸಿಟ್ಟಿಗೆ ಹೊಂದಿಸಬೇಡಿ, ಅವರ ಪಟ್ಟಿಗೆ ಹೊಂದಿಸಿ. ಏಳು, ಐದು, ಮೂರು ಅಂತ ಬಿಗಿ ಮಾಡಿದರೆ ಮೂರು ಮೇಲೂ ಒಂದೇ ಪಟ್ಟಿಯ ಒಳಗೆ ಬಿದ್ದುಬಿಡುತ್ತವೆ. ಗಾಜನೂರಿನವರಿಗೆ ಆಗಿದ್ದು ಅದೇ ಅಲ್ವಾ?

ಹಾಳೆಮನೆಯವರೇ, ಒಂದು ಕೆಲಸ ಮಾಡಿ. ಪಾಸ್‌ಬುಕ್ ತೆಗೆದು, ಈ ಕಂಪನಿಯಿಂದ ಹಿಂದೆ ಯಾವ ಯಾವ ತಾರೀಖು ಹಣ ಬಂದಿದೆ ನೋಡಿ ಹೇಳಿ.

ಹಾಳೆಮನೆ, ತೀರ್ಥಹಳ್ಳಿ (ಜುಲೈ 17)

ನೋಡಿದೆ ಅಕ್ಕ. ನಾಲ್ಕು ಸಲ ಬಂದಿದೆ. ಜನವರಿ 30, ಮಾರ್ಚ್ 16, ಏಪ್ರಿಲ್ 30, ಮೇ 15. ಮಾರ್ಚ್ 15 ಭಾನುವಾರ ಇತ್ತು, ಅದಕ್ಕೆ 16 ಇರಬೇಕು. ಇಷ್ಟು ದಿನ ಇದು ತಲೆಗೇ ಹೋಗಿರಲಿಲ್ಲ.

ಹೊಸನಗರದ ಲೆಕ್ಕದಕ್ಕ (ಜುಲೈ 17)

ನೋಡಿ, 15 ಮತ್ತು 30. ನಿಮ್ಮ ಮೊದಲ ಮೇಲ್ ಹೋದದ್ದು 10ರ ಶುಕ್ರವಾರ ಸಂಜೆ. 15ರ ಪಟ್ಟಿ ಅಷ್ಟರಲ್ಲಿ ಮುಚ್ಚಿರುತ್ತದೆ. ಶುಕ್ರವಾರ ಸಂಜೆಯ ಮೇಲ್ ಸೋಮವಾರ ಬೆಳಿಗ್ಗೆ ನೂರು ಮೇಲಿನ ಕೆಳಗೆ ಇರುತ್ತದೆ. ಸದ್ದಿಲ್ಲ ಅಂದರೆ ಕೊಡಲ್ಲ ಅಂತ ಅರ್ಥ ಅಲ್ಲ. ನಮ್ಮ ಮೇಜಿನಲ್ಲಿ ಸುಮ್ಮನಾಗುತ್ತಿದ್ದ ಬಿಲ್ಲುಗಳಲ್ಲಿ ಹೆಚ್ಚಿನವು ದಾಖಲೇ ಆಗಿರದ ಬಿಲ್ಲುಗಳು. ಆರ್ಡರ್ ನಂಬರ್ ಬರೆದಿರುವುದಿಲ್ಲ, ಇಲ್ಲ ಉಗ್ರಾಣದವರು ಮಾಲು ಬಂತು ಅಂತ ಕಂಪ್ಯೂಟರಿಗೆ ಹಾಕಿರುವುದಿಲ್ಲ. ಖರೀದಿಯವರಿಗೆ ಅದು ಗೊತ್ತೂ ಇರುವುದಿಲ್ಲ.

ಹೋದ ಮೇಲ್ ಒಂದನೆಯದು ಅಂತ ಇಟ್ಟುಕೊಳ್ಳೋಣ. ಎರಡನೆಯದು ಜುಲೈ 21 ಮಂಗಳವಾರ, ಬೆಳಿಗ್ಗೆ ಹತ್ತೂವರೆ ಹೊತ್ತಿಗೆ. 30ರ ಪಟ್ಟಿ ಮುಚ್ಚಲು ಆಗ ಇನ್ನೂ ಮೂರು ನಾಲ್ಕು ದಿನ ಇರುತ್ತದೆ. ಇವತ್ತೇ ಹಾಕಿದರೆ ಮತ್ತೆ ಶುಕ್ರವಾರ. ಮೂರನೆಯದು, ಬೇಕಾದರೆ ಮಾತ್ರ, ಆಗಸ್ಟ್ 4 ಮಂಗಳವಾರ. 30ಕ್ಕೆ ಹಾಕಿದ ಹಣ ಬ್ಯಾಂಕಿನಲ್ಲಿ ಒಂದೆರಡು ದಿನ ತಡವಾಗಬಹುದು, ನಡುವೆ ಶನಿವಾರ ಭಾನುವಾರ ಬರುತ್ತದೆ, ಸೋಮವಾರ ಒಂದು ದಿನ ಬಿಡಿ. ಆಗಸ್ಟ್ 15 ರಜೆ, ಶನಿವಾರ ಬೇರೆ. ಹಾಗಾಗಿ ಅವರು 14ಕ್ಕೇ ಹಾಕುವ ಸಾಧ್ಯತೆ ಜಾಸ್ತಿ. ಮೂರನೇ ಮೇಲಿನಲ್ಲಿ ನೀವು ಕೇಳುವ ತಾರೀಖು 14.

ಲೆಕ್ಕ ಹಾಕಿದರೆ ಮೊದಲ ಅಂತರ ಹನ್ನೊಂದು ದಿನ, ಎರಡನೆಯದು ಹದಿನಾಲ್ಕು. ಕಡಿಮೆ ಆಗಲಿಲ್ಲ, ಜಾಸ್ತಿಯೇ ಆಯಿತು. ಬಿಗಿ ಬರುವುದು ದಿನದಿಂದ ಅಲ್ಲ, ಕೇಳುವ ವಿಷಯದಿಂದ.

ಭದ್ರಾವತಿ ಬಾಬು (ಜುಲೈ 17)

ತಾರೀಖಿನ ಲೆಕ್ಕ ಒಪ್ಪಿದೆ. ಆದರೆ ಎಲ್ಲರಿಗೂ ಪಾಸ್‌ಬುಕ್ಕಿನಲ್ಲಿ ಹಳೇ ತಾರೀಖು ಸಿಗಲ್ಲ. ಹೊಸ ಗಿರಾಕಿ ಆದರೆ?

ಹೊಸನಗರದ ಲೆಕ್ಕದಕ್ಕ (ಜುಲೈ 17)

ಒಳ್ಳೆ ಪ್ರಶ್ನೆ. ಮೊದಲನೇ ಮೇಲಿನಲ್ಲೇ ಕೇಳಿಬಿಡಿ: "ನಿಮ್ಮಲ್ಲಿ ಪಾವತಿ ಯಾವ ತಾರೀಖಿಗೆ ಹಾಕುತ್ತೀರಿ?" ಇದಕ್ಕೆ ಉತ್ತರ ಕೊಡಲು ಯಾರಿಗೂ ಮುಜುಗರ ಇಲ್ಲ. ಹಣ ಯಾವಾಗ ಅಂತ ಕೇಳಿದರೆ ಸುಮ್ಮನಿರುವವರೂ ಇದಕ್ಕೆ ಉತ್ತರ ಕೊಡುತ್ತಾರೆ. ಉತ್ತರ ಬಾರದಿದ್ದರೆ ವಾರ ಬಿಟ್ಟು ಎರಡನೆಯದು, ಅಲ್ಲಿಂದ ಎರಡು ವಾರ ಬಿಟ್ಟು ಮೂರನೆಯದು. ಎರಡು ವಾರದಲ್ಲಿ ಒಂದು ಪಾವತಿ ದಿನ ಬಂದೇ ಬರುತ್ತದೆ ಅನ್ನುವ ಅಂದಾಜು. ತಿಂಗಳಿಗೆ ಒಂದೇ ಸಲ ಹಾಕುವ ಕಂಪನಿ ಆದರೆ ಈ ಅಂದಾಜು ಕೆಡುತ್ತದೆ.

ಸಾಗರದ ಹುಡುಗಿ (ಜುಲೈ 17)

ನನಗೂ ಇದೇ ಸಮಸ್ಯೆ. ಬೆಂಗಳೂರಿನಲ್ಲಿ ಇಂಟರ್‌ವ್ಯೂ ಕೊಟ್ಟು ಬಂದು ಮೂರು ವಾರ ಆಯಿತು. ಒಂದು ಮೇಲ್ ಹಾಕಿದೆ, ಉತ್ತರ ಇಲ್ಲ. ಎರಡನೆಯದರಲ್ಲಿ ಇನ್ನೊಬ್ಬರನ್ನು ಸೇರಿಸಿ, ಮೂರನೆಯದರಲ್ಲಿ ಕೊನೆ ತಾರೀಖು ಕೊಡಬೇಕಾ?

ಹೊಸನಗರದ ಲೆಕ್ಕದಕ್ಕ (ಜುಲೈ 17)

ಬೇಡಮ್ಮ, ಬೇಡ. ಇವರಿಗೆ ಹಣ ಬರಬೇಕು, ಅದು ಹಕ್ಕು. ನಿನ್ನದು ವಿಚಾರಣೆ. ಅಲ್ಲಿ ಗಟ್ಟಿ ಆಗಲು ಆಧಾರವೇ ಇಲ್ಲ. ಇನ್ನೊಂದು ಮೇಲ್ ಸಾಕು. "ಈ ಹುದ್ದೆ ಇನ್ನೂ ಖಾಲಿ ಇದೆಯೇ, ನಾನು ಬೇರೆ ಕಡೆ ಉತ್ತರ ಕೊಡಬೇಕಾಗಿದೆ" ಅಂತ. ಅದೂ ನಿಜವಾಗಿ ಬೇರೆ ಕಡೆ ಕರೆದಿದ್ದರೆ ಮಾತ್ರ.

ಹಾಳೆಮನೆ, ತೀರ್ಥಹಳ್ಳಿ (ಜುಲೈ 18)

ಎರಡನೆಯದನ್ನು ಬರೆದೆ. ಬೈಯಬೇಡಿ:

> "ನಮಸ್ಕಾರ ಸರ್. ಇದು ಎರಡನೇ ಬಾರಿ ಬರೆಯುತ್ತಿದ್ದೇನೆ. ಹೋದ ಮೇಲಿಗೆ ನೀವು ಉತ್ತರ ಕೊಡಲಿಲ್ಲ. ನಮ್ಮದು ಸಣ್ಣ ಘಟಕ, ಕೂಲಿಯವರಿಗೆ ಕೊಡಬೇಕು, ಮಳೆಗಾಲ, ತುಂಬ ಕಷ್ಟ ಇದೆ. ದಯವಿಟ್ಟು ಆದಷ್ಟು ಬೇಗ ಹಣ ಹಾಕಿ."

ಹೊಸನಗರದ ಲೆಕ್ಕದಕ್ಕ (ಜುಲೈ 18)

ಬೈಯಲ್ಲ. ಆದರೆ ಇದರಲ್ಲಿ ದೂರು ಇದೆ, ಅಳು ಇದೆ. ಬಿಲ್ ನಂಬರ್ ಇಲ್ಲ. "ಎರಡನೇ ಬಾರಿ", "ನೀವು ಉತ್ತರ ಕೊಡಲಿಲ್ಲ" ಅಂದರೆ ಓದಿದವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೋಗುತ್ತಾರೆ, ಇಲ್ಲ ಇನ್ನೂ ಮೌನ ಆಗುತ್ತಾರೆ. ಕೂಲಿಯವರ ಮಾತು ನಿಜವೇ, ನನಗೆ ಗೊತ್ತು. ಆದರೆ ಅದು ಬಂದ ಕೂಡಲೇ ಬಾಕಿ ಹಣ ಉಪಕಾರದ ಹಾಗೆ ಕಾಣುತ್ತದೆ. "ಆದಷ್ಟು ಬೇಗ" ಅನ್ನುವುದು ಯಾವ ಪಟ್ಟಿಯಲ್ಲೂ ಇಲ್ಲದ ತಾರೀಖು.

ಮೊದಲನೆಯದು ಸುಮ್ಮನೆ ವಿಚಾರಿಸುವ ಮೇಲ್. ಎರಡನೆಯದು ತಾರೀಖು ಕೇಳುವ ಮೇಲ್. ಮೂರನೆಯದರಲ್ಲಿ ತಾರೀಖು ನೀವೇ ಹೇಳುತ್ತೀರಿ. ನಮ್ಮ ಕನ್ನಡದಲ್ಲಿ ಇದಕ್ಕೆ ಒಳ್ಳೆ ಅನುಕೂಲ ಇದೆ, ಕ್ರಿಯಾಪದದಲ್ಲೇ ಏರಿಸಬಹುದು. ಮೊದಲು "ತಿಳಿಸಬಹುದೇ". ಆಮೇಲೆ "ತಿಳಿಸಿ". ಕೊನೆಗೆ "ತಿಳಿಸಬೇಕಾಗಿ ಕೋರುತ್ತೇನೆ". ನೋಡಿ, ಕೊನೆಯದು ಎಲ್ಲಕ್ಕಿಂತ ಮರ್ಯಾದೆಯದು, ಆದರೆ ಅದರಲ್ಲಿ "ಬೇಕು" ಕೂತಿದೆ. ದನಿ ಏರಿಸದೆ ಗಟ್ಟಿ ಆಗೋದು ಹೀಗೆ. ಎರಡನೆಯದು ಹೀಗಿರಲಿ:

> "ನಮಸ್ಕಾರ ಸರ್. ಬಿಲ್ ನಂ. 27, ಜೂನ್ 8, ರೂ. 54,000. ಜುಲೈ 8ಕ್ಕೆ ಬಾಕಿ ಆಗಿದೆ. ಬಿಲ್ಲಿನ ಮತ್ತು ಡೆಲಿವರಿ ಚಲನ್ನಿನ ಪ್ರತಿ ಮತ್ತೆ ಲಗತ್ತಿಸಿದ್ದೇನೆ. ಬಿಲ್ ದಾಖಲಾಗಿದೆಯೇ, ಜುಲೈ 30ರ ಪಾವತಿಯಲ್ಲಿ ಸೇರುತ್ತದೆಯೇ ಎಂದು ತಿಳಿಸಿ. ನಮ್ಮ ಕಡೆಯಿಂದ ಯಾವುದಾದರೂ ಕಾಗದ ಬಾಕಿ ಇದ್ದರೆ ಅದೇ ದಿನ ಕಳಿಸುತ್ತೇನೆ. ಲೆಕ್ಕ ವಿಭಾಗದವರ ಗಮನಕ್ಕೂ ಇರಲಿ ಎಂದು ಈ ಮೇಲಿನಲ್ಲಿ ಅವರನ್ನು ಸೇರಿಸಿದ್ದೇನೆ."

ಹಳೇ ಮೇಲಿಗೇ ರಿಪ್ಲೈ ಆಲ್ ಒತ್ತಿ ಬರೆಯಿರಿ. ಹೊಸ ಮೇಲ್ ಶುರು ಮಾಡಬೇಡಿ, ವಿಷಯದ ಸಾಲನ್ನೂ ಬದಲಿಸಬೇಡಿ. ಜಿಮೇಲಿನಲ್ಲಿ ವಿಷಯ ಬದಲಾದರೆ ಅದು ಬೇರೆ ಸರಪಳಿ ಆಗಿಬಿಡುತ್ತದೆ, ಹಿಂದಿನ ಮೇಲಿನ ಜೊತೆ ಸೇರುವುದಿಲ್ಲ. ಒಂದೇ ಸರಪಳಿಯಲ್ಲಿದ್ದರೆ "ನೀವು ಉತ್ತರ ಕೊಡಲಿಲ್ಲ" ಅಂತ ಹೇಳಬೇಕಾಗಿಯೇ ಇಲ್ಲ. ಮೊದಲ ಮೇಲಿನ ತಾರೀಖೇ ಹೇಳುತ್ತದೆ. ಇನ್ನೊಬ್ಬರನ್ನು ಸೇರಿಸಿದ್ದನ್ನು ಬಾಯಿಬಿಟ್ಟು ಹೇಳಿ. ಗುಟ್ಟಾಗಿ ಸೇರಿಸಿದರೆ ಚಾಡಿ ಹೇಳಿದ ಹಾಗೆ. ಮತ್ತೆ, ಸೇರಿಸೋದು ಪಕ್ಕದ ಮೇಜಿನವರನ್ನು, ಮಾಲೀಕರನ್ನಲ್ಲ.

ಕೊಪ್ಪದ ರಾಯರು (ಜುಲೈ 18)

ಇಷ್ಟು ಬರೆಯೋ ಹೊತ್ತಿಗೆ ನಾನು ನಾಲ್ಕು ಫೋನ್ ಮಾಡಿರ್ತಿದ್ದೆ.

ಹೊಸನಗರದ ಲೆಕ್ಕದಕ್ಕ (ಜುಲೈ 18)

ರಾಯರೇ, ಫೋನ್ ಬೇಡ ಅಂದಿಲ್ಲ. ಎರಡನೆಯದರ ಮರುದಿನ ಒಂದು ಫೋನ್ ಮಾಡಬಹುದು, ಮಾಡಲಿ. ಆದರೆ ಫೋನಿನಲ್ಲಿ "ಆಯ್ತು, ಹಾಕಿಸ್ತೀನಿ" ಅಂದವರು ಮುಂದಿನ ವಾರ ಕೆಲಸ ಬಿಟ್ಟು ಹೋದರೆ? ನಾನು ನೋಡಿದ್ದೇನೆ. ಫೋನ್ ಮಾಡಿದ ದಿನವೇ "ಇವತ್ತು ಮಾತಾಡಿದಂತೆ 30ಕ್ಕೆ ಹಾಕುವುದಾಗಿ ತಿಳಿಸಿದ್ದೀರಿ, ಧನ್ಯವಾದ" ಅಂತ ಅದೇ ಸರಪಳಿಯಲ್ಲಿ ಒಂದು ಸಾಲು ಹಾಕಿ. ಅದು ನೆನಪಿಸುವ ಮೇಲ್ ಅಲ್ಲ, ಮೂರರ ಲೆಕ್ಕಕ್ಕೆ ಬರಲ್ಲ.

ಇನ್ನೊಂದು ಮರೆತೆ. ನಡುವೆ ಏನಾದರೂ ಉತ್ತರ ಬಂತು ಅಂದರೆ, ಸುಮ್ನೆ "ನೋಡ್ತೀವಿ" ಅಂತ ಬಂದರೂ, ಮೂರರ ಎಣಿಕೆ ನಿಲ್ಲುತ್ತದೆ. ಆಮೇಲೆ ಮೂರನೇ ಮೇಲ್ ಹಾಕಿದರೆ ಮಾತಾಡುತ್ತಿರುವವರ ಮೇಲೆ ಕೂಗಿದ ಹಾಗೆ.

ಗಾಜನೂರು ಪ್ರೆಸ್ (ಜುಲೈ 18)

ಮೂರನೆಯದನ್ನೂ ಈಗಲೇ ಬರೆದುಕೊಡಿ ಅಕ್ಕ. ನನಗೂ ಬೇಕು. ಆಗಸ್ಟಿನಲ್ಲಿ ಸಿಟ್ಟು ಬಂದಾಗ ಬರೆದರೆ ಮತ್ತೆ "ಕೊನೆಯ ಎಚ್ಚರಿಕೆ" ಅಂತಲೇ ಬರೆಯುವವನು ನಾನು.

ಹೊಸನಗರದ ಲೆಕ್ಕದಕ್ಕ (ಜುಲೈ 18)

ಈಗಲೇ ಬರೆದಿಡೋದು ನಿಜಕ್ಕೂ ಒಳ್ಳೆಯದು.

> "ನಮಸ್ಕಾರ ಸರ್. ಬಿಲ್ ನಂ. 27ರ ಬಗ್ಗೆ ಜುಲೈ 10 ಮತ್ತು 21ರಂದು ಬರೆದಿದ್ದೆ. ರೂ. 54,000 ಇನ್ನೂ ಬಂದಿಲ್ಲ. ಆಗಸ್ಟ್ 14ರ ಪಾವತಿಯಲ್ಲಿ ಇದನ್ನು ಸೇರಿಸಿ, ಸೇರಿದೆ ಎಂದು ಆಗಸ್ಟ್ 10ರ ಒಳಗೆ ತಿಳಿಸಬೇಕಾಗಿ ಕೋರುತ್ತೇನೆ. ಬಿಲ್ಲಿನ ಬಗ್ಗೆ ಆಕ್ಷೇಪ ಇದ್ದರೆ ಅದನ್ನೂ ಬರೆದು ತಿಳಿಸಿ, ಸರಿಪಡಿಸೋಣ. ಗಣಪತಿ ಹಬ್ಬದ ಆರ್ಡರಿಗೆ ಹಾಳೆ ತೆಗೆದಿಟ್ಟಿದ್ದೇವೆ. ಈ ಬಾಕಿ ತೀರಿದ ಮೇಲೆ ಲೋಡ್ ಕಳಿಸುತ್ತೇವೆ."

ಹಳೇ ತಾರೀಖುಗಳನ್ನು ಇಲ್ಲಿ ಹೇಳಿದ್ದು ದೂರಲಿಕ್ಕಲ್ಲ, ದಾಖಲೆಗೆ. ಕೊನೆಯ ಸಾಲಿನಲ್ಲಿ ಬೆದರಿಕೆ ಇಲ್ಲ, ಆದರೆ ಅರ್ಥ ಆಗುತ್ತದೆ. ಅದು ನಿಮ್ಮ ಕೈಯಲ್ಲಿರುವ ವಿಷಯವೂ ಹೌದು. ಮಾಡಲಾಗದ್ದನ್ನು ಮೂರನೆಯದರಲ್ಲಿ ಬರೆಯಬೇಡಿ. ಬರೆದ ಮೇಲೆ 14 ದಾಟಿದರೆ ಲೋಡ್ ಕಳಿಸಲೂ ಬೇಡಿ.

ಭದ್ರಾವತಿ ಬಾಬು (ಜುಲೈ 18)

ಕಾನೂನಿನ ಮಾತು ಮೂರನೆಯದರಲ್ಲೂ ಇಲ್ಲವಲ್ಲ! ಆದಾಯ ತೆರಿಗೆಯಲ್ಲೂ ಈಗ ಹಿಡಿತ ಇದೆ. ಸಣ್ಣ ಘಟಕಕ್ಕೆ ಸಮಯಕ್ಕೆ ಕೊಡದಿದ್ದರೆ ಅವರಿಗೆ ಆ ಖರ್ಚು ತೋರಿಸಲು ಬರಲ್ಲ.

ಹೊಸನಗರದ ಲೆಕ್ಕದಕ್ಕ (ಜುಲೈ 19)

ಆ ನಿಯಮ ಬಂದದ್ದು 2024-25ರ ಅಸೆಸ್‌ಮೆಂಟ್ ವರ್ಷದಿಂದ. ತಡವಾಗಿ ಕೊಟ್ಟರೆ, ಕೊಟ್ಟ ವರ್ಷದಲ್ಲೇ ಖರ್ಚು ತೋರಿಸಬೇಕು. ಅಂದರೆ ಈ ಜೂನ್ ಬಿಲ್ಲನ್ನು ಡಿಸೆಂಬರಿನಲ್ಲಿ ಕೊಟ್ಟರೂ ಅದೇ ವರ್ಷ ಆಯಿತು, ಅವರಿಗೆ ನಷ್ಟ ಇಲ್ಲ. ಈ ಮಾತು ನಿಜವಾಗಿ ಚುಚ್ಚುವುದು ಫೆಬ್ರವರಿ, ಮಾರ್ಚಿನಲ್ಲಿ. ಈಗ ಹೇಳಿದರೆ ಅವರ ಲೆಕ್ಕದವರು ನಗುತ್ತಾರೆ.

2006ರ ಕಾನೂನಿನ ಬಡ್ಡಿ ದೊಡ್ಡದೇ. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇಂಥ ಬಾಕಿಯ ದೂರು ನೋಡುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಮಾಲು ಕಳಿಸುವ ಮೊದಲೇ ಸಣ್ಣ ಘಟಕಗಳ ಉದ್ಯಮ್ ನೋಂದಣಿ ಇದ್ದರೆ ವಾದ ಗಟ್ಟಿ. ಆದರೆ ಅದು ನಾಲ್ಕನೇ ಕಾಗದ, ಅದು ನೆನಪಿಸುವ ಮೇಲ್ ಅಲ್ಲ, ನೋಟಿಸು. 54,000ಕ್ಕೆ ಹಬ್ಬದ ಗಿರಾಕಿಯನ್ನು ಅಲ್ಲಿಗೆ ಒಯ್ಯಬೇಕಾ ಅನ್ನೋದು ಅವರವರ ಲೆಕ್ಕ.

ಭದ್ರಾವತಿ ಬಾಬು (ಜುಲೈ 19)

ನಾನಾದರೆ ಮೂರನೆಯದರಲ್ಲಿ ಉದ್ಯಮ್ ನಂಬರನ್ನಾದರೂ ಬಿಲ್ಲಿನ ಕೆಳಗೆ ಕಾಣುವ ಹಾಗೆ ಹಾಕ್ತೀನಿ. ಏನೂ ಹೇಳದೇ ಹೇಳಿದ ಹಾಗೆ.

ಹೊಸನಗರದ ಲೆಕ್ಕದಕ್ಕ (ಜುಲೈ 19)

ಇದು ಚೆನ್ನಾಗಿದೆ. ಮೂರನೆಯದರವರೆಗೆ ಯಾಕೆ, ಬಿಲ್ಲಿನಲ್ಲಿ ಮೊದಲ ದಿನದಿಂದಲೇ ಇರಲಿ.

ಹಾಳೆಮನೆ, ತೀರ್ಥಹಳ್ಳಿ (ಜುಲೈ 23)

ಸುದ್ದಿ ಇದೆ. ಇಲ್ಲಿ ಮಳೆಗೆ ನೆಟ್‌ವರ್ಕ್ ನಂಬಲು ಬರಲ್ಲ, ಅದಕ್ಕೆ ಸೋಮವಾರ ರಾತ್ರಿಯೇ ಬರೆದು, ಮಂಗಳವಾರ ಹತ್ತೂವರೆಗೆ ಹೋಗುವ ಹಾಗೆ ಶೆಡ್ಯೂಲ್ ಮಾಡಿಟ್ಟೆ. ಅಕ್ಕ ಬರೆದಿದ್ದನ್ನೇ ಹಾಕಿದೆ. ಮಧ್ಯಾಹ್ನ ಎರಡಕ್ಕೆ ಲೆಕ್ಕ ವಿಭಾಗದಿಂದ ಉತ್ತರ ಬಂತು! ಅವರ ಕಂಪ್ಯೂಟರಿನಲ್ಲಿ ಬಿಲ್ ತಡೆಹಿಡಿದಿದೆ ಅಂತ ತೋರಿಸುತ್ತಿದೆಯಂತೆ. ಕಾರಣ, ಉಗ್ರಾಣದವರು 40 ಬಾಕ್ಸಿನಲ್ಲಿ 37 ಮಾತ್ರ ಒಪ್ಪಿಕೊಂಡಿದ್ದಾರೆ. ಮೂರು ಬಾಕ್ಸ್ ತಟ್ಟೆಗೆ ಬೂಷ್ಟು ಹಿಡಿದಿತ್ತಂತೆ. ಅದನ್ನು ನನಗೆ ಯಾರೂ ಹೇಳಿಲ್ಲ. ಖರೀದಿಯವರಿಗೂ ಗೊತ್ತಿರಲಿಲ್ಲವಂತೆ, ಅವರು ಫೋನ್ ಮಾಡಿ ಬೇಜಾರು ಮಾಡಿಕೊಂಡರು.

ಬೂಷ್ಟು ಹಿಡಿದಿರಬಹುದು, ಸುಳ್ಳು ಹೇಳಲ್ಲ. ಜೂನ್ ಮೊದಲ ವಾರ ಮಳೆ ಶುರುವಾಯಿತು. ಕೊನೆಯ ಕೆಲವು ಬಾಕ್ಸ್ ಸರಿಯಾಗಿ ಒಣಗುವ ಮೊದಲೇ ಪ್ಯಾಕ್ ಮಾಡಿದೆವು ಅಂತ ನನಗೇ ಅನುಮಾನ. 37 ಬಾಕ್ಸಿನ ಹಣ 49,950 ರೂಪಾಯಿ 30ಕ್ಕೆ ಹಾಕುತ್ತಾರಂತೆ. ಮೂರು ಬಾಕ್ಸಿನ 4,050 ಕಡಿತ. ಒಪ್ಪಿದರೆ ಬರೆದು ಕಳಿಸಿ ಅಂದಿದ್ದಾರೆ.

ಭದ್ರಾವತಿ ಬಾಬು (ಜುಲೈ 23)

ಒಪ್ಪಬೇಡಿ! ಮಾಲು ಮುಟ್ಟಿ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೇಳದಿದ್ದರೆ, ಮುಟ್ಟಿದ ದಿನವೇ ಒಪ್ಪಿಕೊಂಡ ಹಾಗೆ ಅಂತ ಆ ಕಾನೂನಿನಲ್ಲೇ ಇದೆ. ಜೂನ್ 23 ದಾಟಿ ತಿಂಗಳಾಯಿತು. ಅಕ್ಕ, ಇದು ಸರಿ ಅಲ್ವಾ?

ಹೊಸನಗರದ ಲೆಕ್ಕದಕ್ಕ (ಜುಲೈ 23)

ಈ ಸಲ ಪೂರ್ತಿ ಸರಿ. ಸಾಲದ ದಿನ ಎಣಿಸುವ ಮಟ್ಟಿಗೆ ಆ ನಿಯಮ ಇವರ ಪರ. ಆದರೆ ಮಾಲು ಕೆಟ್ಟಿದ್ದು ನಿಜವಾದರೆ ಅದು ಬೇರೆಯೇ ಜಗಳ. ನಾನಾದರೆ 49,950 ಒಪ್ಪಿ 25ರ ಒಳಗೆ ಬರೆದು ಕಳಿಸುತ್ತೇನೆ, ಇಲ್ಲದಿದ್ದರೆ 30ರ ಪಟ್ಟಿಯೂ ತಪ್ಪುತ್ತದೆ. ಮೂರು ಬಾಕ್ಸಿನ ಫೋಟೊ ಕೇಳುತ್ತೇನೆ. ಮುಂದಿನ ಸಲ ಮಾಲು ಬೇಡವಾದರೆ 15 ದಿನದೊಳಗೆ ತಿಳಿಸಬೇಕು ಅಂತ ಆರ್ಡರ್ ಕಾಗದದಲ್ಲಿ ಸೇರಿಸಲು ಕೇಳುತ್ತೇನೆ.

ಗಾಜನೂರು ಪ್ರೆಸ್ (ಜುಲೈ 23)

ನಾನಾದರೆ 4,050 ಬಿಡಲ್ಲ. ಆರು ವಾರ ಸುಮ್ಮನಿದ್ದು, ಕೇಳಿದ ಮೇಲೆ ಬೂಷ್ಟು ಅಂದರೆ ಯಾರು ನಂಬ್ತಾರೆ?

ಕೊಪ್ಪದ ರಾಯರು (ಜುಲೈ 23)

ಜೂನಿನಲ್ಲೇ ಒಂದು ಫೋನ್ ಮಾಡಿದ್ದರೆ ಬೂಷ್ಟಿನ ಸುದ್ದಿ ಆಗಲೇ ಸಿಗುತ್ತಿತ್ತು. ಅಷ್ಟೇ ನಾನು ಹೇಳೋದು.

ಹಾಳೆಮನೆ, ತೀರ್ಥಹಳ್ಳಿ (ಜುಲೈ 24)

ರಾಯರೇ, ಒಪ್ಪಿದೆ. ಮೂರು ಬಾಕ್ಸಿನ ಫೋಟೊ ಕೇಳಿ, ಉಳಿದದ್ದಕ್ಕೆ ಒಪ್ಪಿಗೆ ಬರೆದು ಇವತ್ತು ಬೆಳಿಗ್ಗೆ ಕಳಿಸಿದೆ. 4,050ರ ಬಗ್ಗೆ ಮನೆಯಲ್ಲಿ ಇನ್ನೂ ಜಗಳ ನಡೀತಿದೆ, ಫೋಟೊ ಬಂದ ಮೇಲೆ ನೋಡೋಣ. ಮೂರನೇ ಮೇಲ್ ಡ್ರಾಫ್ಟಿನಲ್ಲೇ ಇದೆ, ಅಳಿಸಿಲ್ಲ.